ಮೂವತ್ತೊಂದನೇ ನಂಬರಿಗೆ ಎರಡೂವರೆ ಅಂಕ

ಆ ವರ್ಷ ಹತ್ತನೇ ತರಗತಿಯಲ್ಲಿ 42 ಮಕ್ಕಳಿದ್ದರು. ವರ್ಗ ಸಮೀಕರಣದ ಪಾಠ ಮುಗಿದ ಮೇಲೆ ಡಿಸೆಂಬರಿನಲ್ಲಿ ಒಂದು ಘಟಕ ಪರೀಕ್ಷೆ ಕೊಟ್ಟೆ. ಕೊನೆಯ ಪ್ರಶ್ನೆಗೆ ನಾಲ್ಕು ಅಂಕ: ಒಂದು ಆಯತಾಕಾರದ ತೋಟದ ಉದ್ದ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 70 ಚದರ ಮೀಟರ್, ಹಾಗಾದರೆ ಉದ್ದ ಅಗಲ ಎಷ್ಟು? ಅಗಲವನ್ನು x ಎಂದುಕೊಂಡರೆ x(x + 3) = 70. ಅದು x² + 3x − 70 = 0 ಆಗುತ್ತದೆ. ಅಪವರ್ತಿಸಿದರೆ (x + 10)(x − 7) = 0. ಮೂಲಗಳು −10 ಮತ್ತು 7. ಅಗಲ ಋಣ ಸಂಖ್ಯೆಯಾಗದು ಎಂದು −10ನ್ನು ಬಿಟ್ಟು, ಅಗಲ 7 ಮೀ, ಉದ್ದ 10 ಮೀ ಎಂದು ಬರೆಯಬೇಕು.

ಹಾಜರಿ ಪುಸ್ತಕದ ಒಂಬತ್ತನೇ ನಂಬರಿನ ಹುಡುಗ ಇದನ್ನೆಲ್ಲ ಬರೆದಿದ್ದ. ಆದರೆ ಕೊನೆಗೆ −10ರ ಸುದ್ದಿಯೇ ಇಲ್ಲದೆ ನೇರ x = 7ಕ್ಕೆ ಹಾರಿದ್ದ. ನಾನು ನಾಲ್ಕಕ್ಕೆ ನಾಲ್ಕು ಕೊಟ್ಟೆ. ಮೂವತ್ತೊಂದನೇ ನಂಬರಿನ ಹುಡುಗಿಯೂ ಅಷ್ಟೇ ಸಾಲು ಬರೆದಿದ್ದಳು, ಅವಳೂ ಅಲ್ಲೇ ಹಾರಿದ್ದಳು. ಅವಳಿಗೆ ಕೊಟ್ಟದ್ದು ಎರಡೂವರೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಪದ ಬರೆದೆ: ‘ಎಲ್ಲಿಂದ?’

ಎಲ್ಲಿಂದ ನೋಡಿ ಬರೆದಿ ಎಂದು ಅದರ ಅರ್ಥ. ಹುಡುಗರ ಸಾಲು ಕಿಟಕಿ ಕಡೆ, ಹುಡುಗಿಯರ ಸಾಲು ಬಾಗಿಲ ಕಡೆ. ಅವಳ ಹಿಂದೆ ಮುಂದೆ ಕೂತವರು ಯಾರೂ ಆ ಲೆಕ್ಕವನ್ನು ಮುಟ್ಟಿಯೇ ಇರಲಿಲ್ಲ. ಅದನ್ನು ನೋಡಿದ್ದರೆ ಆ ಪದ ಬರೆಯುತ್ತಿರಲಿಲ್ಲ. ನೋಡಬೇಕು ಅಂತಲೇ ಅನಿಸಲಿಲ್ಲ.

ಅವಳ ಹೆಸರು ಇಲ್ಲಿ ಬೇಡ. ಸ್ಟಾಫ್ ರೂಮಿನಲ್ಲಿ ನಾವು ಹೆಸರು ಹಿಡಿದು ಕರೆದದ್ದೂ ಕಡಿಮೆಯೇ, ‘ತಾಂಡಾದಾಕಿ’ ಅನ್ನುತ್ತಿದ್ದೆವು. ಊರಿಂದ ಮೂರು ಕಿಲೋಮೀಟರ್ ಆಚೆ ಲಂಬಾಣಿ ತಾಂಡಾ. ಅವಳ ಅಣ್ಣನಿಗೂ ನಾನೇ ಪಾಠ ಮಾಡಿದ್ದೆ. ಅವನು ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲೇ ಫೇಲಾಗಿ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ತಂದೆ ತಾಯಿ ದೀಪಾವಳಿ ಆದ ಮೇಲೆ ಕಬ್ಬು ಕಡಿಯಲು ಗುಳೆ ಹೋಗುವವರು. ಜೂನ್ ತಿಂಗಳಲ್ಲಿ ಹಿಂದಿನ ತರಗತಿಗಳ ಕಲಿಕೆ ನೋಡುವ ಸೇತುಬಂಧದ ನೈದಾನಿಕ ಪರೀಕ್ಷೆಯಲ್ಲಿ ಅವಳಿಗೆ ಭಿನ್ನರಾಶಿ ಕೂಡಿಸಲು ಬಂದಿರಲಿಲ್ಲ. ಇಷ್ಟು ಸಾಕಾಯಿತು. ನವೆಂಬರ್ ಬಂದರೆ ಹುಡುಗಿ ಗುಳೆ ಹೋಗುತ್ತಾಳೆ, ಹೋಗದಿದ್ದರೂ 28 ದಾಟಿದರೆ ಪುಣ್ಯ ಎಂದು ಜುಲೈ ಹೊತ್ತಿಗೇ ತೀರ್ಮಾನ ಮಾಡಿಬಿಟ್ಟಿದ್ದೆ. ಆಗಿನ ನಿಯಮದಂತೆ ಲಿಖಿತ ಪರೀಕ್ಷೆಯ 80ರಲ್ಲಿ 28 ಬಂದರೆ ಪಾಸು.

ಒಂದು ಮಾತು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆ ತೀರ್ಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಭಿನ್ನರಾಶಿ ಅವಳಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಮೇಷ್ಟ್ರುಗಳ ಅಂದಾಜು ಬಹಳ ಸಲ ಸರಿಯೇ ಇರುತ್ತದೆ, ನಾವು ದಿನಾ ಮಕ್ಕಳನ್ನು ನೋಡುವವರು. ಕೆಡುಕು ಇದ್ದದ್ದು ಬೇರೆ ಕಡೆ. ಜೂನ್ ತಿಂಗಳಲ್ಲಿ ಸರಿಯಿದ್ದ ಅಂದಾಜನ್ನು ಡಿಸೆಂಬರಿನವರೆಗೂ ಸರಿಯಾಗಿಯೇ ಉಳಿಸಿಕೊಳ್ಳುವ ಏರ್ಪಾಡನ್ನು ನಾನೇ ಮಾಡಿದ್ದೆ.

ಆ ಏರ್ಪಾಡಿಗೆ ನಮ್ಮ ಕಡೆ ‘ಪಾಸಿಂಗ್ ಪ್ಯಾಕೇಜ್’ ಅನ್ನುತ್ತಾರೆ. ಎಸ್‌ಎಸ್‌ಎಲ್‌ಸಿ ಕಲಿಸಿದ ಯಾವ ಮೇಷ್ಟ್ರಿಗೂ ಇದು ಗೊತ್ತು. ಆಗ ಪ್ರತಿ ವರ್ಷ ತಪ್ಪದೆ ಬರುತ್ತಿದ್ದ ಪ್ರಶ್ನೆಗಳನ್ನು ಗುಡ್ಡೆ ಹಾಕುವುದು: ರೇಖಾತ್ಮಕ ಸಮೀಕರಣದ ನಕ್ಷೆ, ವೃತ್ತಕ್ಕೆ ಸ್ಪರ್ಶಕದ ರಚನೆ, ಓಜೀವ್, ಸಮಾಂತರ ಶ್ರೇಢಿಯ ಸೂತ್ರಕ್ಕೆ ಬೆಲೆ ತುಂಬುವ ಲೆಕ್ಕ, ಒಂದೆರಡು ಪ್ರಮೇಯ. ಎಲ್ಲ ಸೇರಿ ಹೆಚ್ಚೆಂದರೆ ನಲವತ್ತು ಅಂಕದ ಸರಕು. ಹಿಂದುಳಿದ ಮಕ್ಕಳ ಪಟ್ಟಿ ಮಾಡಿ, ಅವರಿಗೆ ಸಂಜೆ ಇಷ್ಟನ್ನೇ ಮತ್ತೆ ಮತ್ತೆ ಮಾಡಿಸುವುದು. ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವ ಕಾಲದಲ್ಲಿ ಇದು ಮೇಷ್ಟ್ರ ಜೀವರಕ್ಷಕ, ನಾನದನ್ನು ಹಗುರವಾಗಿ ಕಾಣುವುದಿಲ್ಲ. ಇದರಿಂದ ಪಾಸಾಗಿ ಪಿಯುಸಿಗೋ ಐಟಿಐಗೋ ಹೋದ ಮಕ್ಕಳಿದ್ದಾರೆ.

ಆದರೆ ಅದರ ಇನ್ನೊಂದು ಮುಖ ನೋಡಿ. ನಲವತ್ತು ಅಂಕದ್ದಷ್ಟೇ ಕಲಿಸಿದರೆ ಮಗು ಅದರಲ್ಲಿ ಮುಕ್ಕಾಲು ಮಾಡಿ ಮೂವತ್ತು ತರುತ್ತದೆ. ಮೂವತ್ತು ಬಂದದ್ದು ನೋಡಿ ನಾನು ಅನ್ನುತ್ತೇನೆ, ‘ನೋಡಿದ್ರಾ, ಇವಳ ಕೈಯಲ್ಲಿ ಆಗೋದು ಇಷ್ಟೇ.’ ಛಾವಣಿ ಕಟ್ಟಿದವನು ನಾನು, ತಲೆ ತಾಗಿಸಿಕೊಂಡವಳು ಅವಳು. ಪ್ಯಾಕೇಜಿನಲ್ಲಿ ಹೇಳಿಕೆ ಲೆಕ್ಕಗಳಿಗೆ ಜಾಗವೇ ಇಲ್ಲ. ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿಗೆ ಕನ್ನಡದ ಉದ್ದುದ್ದ ವಾಕ್ಯ ಕಷ್ಟ ಎಂದು ಅದಕ್ಕೊಂದು ಕರುಣೆಯ ಕಾರಣವನ್ನೂ ಹುಡುಕಿಟ್ಟುಕೊಂಡಿದ್ದೆ. ಪಟ್ಟಿಯ ಮಕ್ಕಳು ಹಗಲಿನ ತರಗತಿಯಲ್ಲಿ ಹೇಳಿಕೆ ಲೆಕ್ಕದ ಹೊತ್ತಿಗೆ ಸುಮ್ಮನೆ ಬೋರ್ಡ್ ನಕಲು ಮಾಡಿದರೆ ಸಾಕಿತ್ತು. ಅವಳು ನಕಲು ಮಾಡುತ್ತಲೇ ಕಲಿತಿದ್ದಳು. ಅದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಆ ಎರಡು ಪತ್ರಿಕೆಗಳು ಒಟ್ಟಿಗೆ ಕಣ್ಣಿಗೆ ಬಿದ್ದದ್ದು ನನಗಲ್ಲ. ಬಿ.ಎಡ್. ಕಾಲೇಜಿನಿಂದ ಬೋಧನಾಭ್ಯಾಸಕ್ಕೆ ಬಂದಿದ್ದ ಪ್ರಶಿಕ್ಷಣಾರ್ಥಿ ಅಂಕಪಟ್ಟಿಗೆ ಅಂಕ ಇಳಿಸುತ್ತಿದ್ದಳು.

‘ಸರ್, ಈ ಎರಡೂ ಉತ್ರ ಒಂದ ಐತಲ್ರೀ? ಅಂಕ ಯಾಕ ಬ್ಯಾರೆ?’

‘ಅವನಿಗೆ ಗೊತ್ತೈತಿ, ಬರಿಯೂದು ಮರ್ತಾನ. ಇಕಿಗೆ ಗೊತ್ತಿಲ್ಲ,’ ಅಂದೆ.

ಅವಳು ಸುಮ್ಮನಾದಳು. ಸುಮ್ಮನೆ ಬಿಡಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಎರಡೂ ಉತ್ತರಗಳನ್ನು ತನ್ನದೇ ಅಕ್ಷರದಲ್ಲಿ ಬಿಳಿ ಹಾಳೆಯ ಮೇಲೆ ಬರೆದು, ಪಕ್ಕದ ಊರಿನ ಗಣಿತದ ಮೇಷ್ಟ್ರ ಹತ್ತಿರ ತಿದ್ದಿಸಿಕೊಂಡು ಬಂದಳು. ಸಮೀಕರಣಕ್ಕೆ ಒಂದು, ಆದರ್ಶ ರೂಪಕ್ಕೆ ಒಂದು, ಅಪವರ್ತನಕ್ಕೆ ಒಂದು, ಮೂಲಗಳಲ್ಲಿ ಒಂದನ್ನು ಕಾರಣ ಹೇಳಿ ಬಿಡದ್ದಕ್ಕೆ ಅರ್ಧ ಕಳೆದು ಉಳಿದರ್ಧ. ಇಬ್ಬರಿಗೂ ಮೂರೂವರೆ. ಅಂದರೆ ನಾನು ಹುಡುಗಿಗೆ ಒಂದು ಕಡಿಮೆ ಕೊಟ್ಟದ್ದಷ್ಟೇ ಅಲ್ಲ, ಹುಡುಗನಿಗೆ ಅರ್ಧ ದಾನವನ್ನೂ ಮಾಡಿದ್ದೆ. ಈ ಎರಡನೆಯದು ನನ್ನನ್ನು ಹೆಚ್ಚು ಕಾಡಿತು. ಕಡಿಮೆ ಕೊಟ್ಟರೆ ಯಾರಾದರೂ ತಕರಾರು ಮಾಡಿಯಾರು, ಹೆಚ್ಚು ಕೊಟ್ಟದ್ದನ್ನು ಯಾರೂ ಕೇಳುವುದಿಲ್ಲ.

ನಾನೂ ಹಿಂದುಳಿದ ಮನೆಯಿಂದ ಬಂದವ, ನಮ್ಮ ವಂಶದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವ. ನನಗೆಲ್ಲಿಂದ ಪೂರ್ವಗ್ರಹ ಎಂದು ಒಳಗೊಳಗೇ ಒಂದು ಭಂಡ ಧೈರ್ಯ ಇತ್ತು. ಅದು ಇಳಿದದ್ದು ಅರ್ಥಶಾಸ್ತ್ರಜ್ಞರಾದ ರೆಮಾ ಹನ್ನಾ ಮತ್ತು ಲೀ ಲಿಂಡೆನ್ ಭಾರತದಲ್ಲೇ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ. ಅವರು ಮಕ್ಕಳ ಉತ್ತರ ಪತ್ರಿಕೆಗಳ ಮುಖಪುಟದಲ್ಲಿ ಯಾವುದೋ ಒಂದು ಜಾತಿಯನ್ನು ಚೀಟಿ ಎತ್ತಿದ ಹಾಗೆ ಬರೆದು ಮೇಷ್ಟ್ರುಗಳಿಗೆ ತಿದ್ದಲು ಕೊಟ್ಟರು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ಅಂಕ ತುಸು ಕಡಿಮೆ ಬಿತ್ತು. ಕಡಿಮೆ ಅಂದರೆ ಆಕಾಶ ಪಾತಾಳವಲ್ಲ, ಅಂಕಗಳ ಹರಡಿಕೆಯನ್ನು ಅಳೆಯುವ ಮಾನಕ ವಿಚಲನೆಯ 0.03ರಿಂದ 0.08ರಷ್ಟು. ಅದರಲ್ಲಿ ಎರಡು ಸಂಗತಿ ನನಗೆ ಚುಚ್ಚಿದವು. ಕಡಿಮೆ ಕೊಟ್ಟವರಲ್ಲಿ ಎದ್ದು ಕಂಡವರು ಸ್ವತಃ ಕೆಳಜಾತಿಗಳಿಂದ ಬಂದ ಮೇಷ್ಟ್ರುಗಳು. ಮತ್ತೆ, ಕಟ್ಟಿನಲ್ಲಿ ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲೇ ಈ ವ್ಯತ್ಯಾಸ ಹೆಚ್ಚು. ಯಾವ ಉತ್ತರಕ್ಕೆ ಎಷ್ಟು ಎನ್ನುವ ಅಳತೆ ಕೈಗೆ ಕೂರುವ ಮೊದಲು ತಿದ್ದುವವನು ಮುಖಪುಟದ ಆಸರೆ ಹಿಡಿಯುತ್ತಾನೆ.

ಒಂದೂವರೆ ಅಂಕದ ಅಂತರಕ್ಕೆ ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಜನವರಿಯ ಪೂರ್ವಸಿದ್ಧತಾ ಪರೀಕ್ಷೆ ಬಂತು. ಅದರಲ್ಲೂ ಅದೇ ಮಾದರಿಯ ಒಂದು ಹೇಳಿಕೆ ಲೆಕ್ಕ ಇತ್ತು, ಸಂಖ್ಯೆಗಳಷ್ಟೇ ಬೇರೆ. ಮೂವತ್ತೊಂದು ಆ ಪ್ರಶ್ನೆಯ ಸಂಖ್ಯೆಯನ್ನೂ ಬರೆದಿರಲಿಲ್ಲ. ಡಿಸೆಂಬರಿನಲ್ಲಿ ಬಂದದ್ದು ಜನವರಿಯಲ್ಲಿ ಬರದೆ ಹೋಗುವುದು ಹೇಗೆ? ಬಿಡುವಿನ ವೇಳೆಯಲ್ಲಿ ಕರೆದು ಅದೇ ಲೆಕ್ಕ ಕೊಟ್ಟೆ. ನಿಂತುಕೊಂಡೇ, ನಾಲ್ಕು ನಿಮಿಷದೊಳಗೆ ಮಾಡಿದಳು.

‘ಮತ್ಯಾಕ ಬಿಟ್ಟಿ?’

ಬಹಳ ಹೊತ್ತು ಮಾತಿಲ್ಲ. ಆಮೇಲೆ ನೆಲ ನೋಡುತ್ತಾ ಅಂದಳು: ‘ಬರದ್ರ ನೀವು ಎಲ್ಲಿಂದ ಅಂತ ಕೇಳ್ತೀರಿ ಸರ್. ಬಿಟ್ರ ಯಾರೂ ಏನೂ ಕೇಳಂಗಿಲ್ಲ.’

ಪ್ರಯತ್ನ ಎಂಬುದನ್ನು ನಾವು ಮೇಷ್ಟ್ರುಗಳು ಮಗುವಿನ ಗುಣ ಎಂದು ಮಾತಾಡುತ್ತೇವೆ. ಇವನು ಕಷ್ಟಪಡುತ್ತಾನೆ, ಇವಳಿಗೆ ಆಸಕ್ತಿ ಇಲ್ಲ, ಹೀಗೆ. ಆ ಹುಡುಗಿ ಮಾಡಿದ್ದು ಶುದ್ಧ ಲೆಕ್ಕಾಚಾರ. ಬರೆದರೆ ಹೆಚ್ಚೆಂದರೆ ಎರಡೂವರೆ, ಜೊತೆಗೆ ಕಳ್ಳಿ ಎಂಬ ಅನುಮಾನ. ಬಿಟ್ಟರೆ ಸೊನ್ನೆ, ಆದರೆ ಮರ್ಯಾದೆ ಉಳಿಯಿತು. ಪ್ಯಾಕೇಜಿನ ಸರಕು ಬರೆದರೆ ಪಾಸು ಹೇಗೂ ಆಗುತ್ತದೆ. ಅವಳ ಜಾಗದಲ್ಲಿ ನಾನಿದ್ದರೂ ಬಿಡುತ್ತಿದ್ದೆ.

ಇಲ್ಲಿ ಇನ್ನೊಂದು ನೆನಪು ಬಂತು, ಹೇಳದೆ ಇರಲಾರೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ನಮ್ಮಲ್ಲಿ ‘ಎಸ್‌ಸಿ ಮಕ್ಕಳು ಎದ್ದು ನಿಲ್ರಿ’ ಅನ್ನುವುದು ರೂಢಿ, ನಾನೂ ಅಂದಿದ್ದೇನೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಹುಡುಗರಿಗೆ ದಾರಿ ಹುಡುಕುವ ಚಕ್ರವ್ಯೂಹದ ಚಿತ್ರಗಳನ್ನು ಬಿಡಿಸಲು ಕೊಟ್ಟು ನೋಡಿದ್ದರು. ಜಾತಿಯ ಮಾತೆತ್ತದಿದ್ದಾಗ ಮೇಲು ಕೀಳೆನ್ನುವ ಎರಡೂ ಕಡೆಯ ಹುಡುಗರು ಸಮಸಮ ಮಾಡಿದರು. ಎಲ್ಲರ ಮುಂದೆ ಅಪ್ಪನ ಹೆಸರು, ಜಾತಿ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಚಿತ್ರಗಳು ಕಡಿಮೆಯಾದವು. ಅರ್ಜಿ ತುಂಬುವ ಕೆಲಸ ಮುಗಿದೊಡನೆ ಅದೇ ಮಕ್ಕಳಿಗೆ ನಾನು ಕಿರುಪರೀಕ್ಷೆ ಕೊಟ್ಟ ದಿನಗಳೂ ಇದ್ದವು. ಈಗ ಆ ಪಟ್ಟಿಯನ್ನು ಹಾಜರಿ ನೋಡಿ ನಾನೇ ಮಾಡಿಕೊಂಡು ಒಬ್ಬೊಬ್ಬರಿಗೆ ಚೀಟಿ ಕೊಡುತ್ತೇನೆ.

ಪ್ರಶಿಕ್ಷಣಾರ್ಥಿಯ ಹತ್ತಿರ ಇನ್ನೊಂದು ಕಾಗದ ಇತ್ತು, ಅದನ್ನು ಕೊಡಲು ಅವಳಿಗೆ ಹೆದರಿಕೆ. ಅವಳ ಕ್ರಿಯಾ ಸಂಶೋಧನೆಗೆಂದು ಎಂಟು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತು, ಬೆಂಚುಗಳ ನಕ್ಷೆ ಬರೆದು, ನಾನು ಯಾರಿಗೆ ಪ್ರಶ್ನೆ ಕೇಳಿದರೆ ಅವರ ಮನೆಯಲ್ಲಿ ಒಂದು ಗೀಟು ಎಳೆದಿದ್ದಳು. ಒಂಬತ್ತನೇ ನಂಬರಿನ ಮನೆಯಲ್ಲಿ 22 ಗೀಟು. ಮೂವತ್ತೊಂದರಲ್ಲಿ 3. ಆ ಮೂರರಲ್ಲಿ ಎರಡು ‘ಪ್ರಶ್ನೆ ಓದು’ ಎಂದದ್ದು, ಒಂದು ‘ಏಳ್ ಎಂಟ್ಲೆ ಎಷ್ಟು’ ಎಂದದ್ದು. ಹೆಚ್ಚು ನಾಚಿಕೆಯಾದದ್ದು ಅಂಚಿನಲ್ಲಿದ್ದ ಟಿಪ್ಪಣಿಗೆ. ಒಂಬತ್ತು ತಡವರಿಸಿದಾಗ ನಾನು ಕಾದು, ‘ಹಿಂದಿನ ಸಾಲು ನೋಡು’ ಎಂದು ಸುಳಿವು ಕೊಟ್ಟಿದ್ದೆ. ಮೂವತ್ತೊಂದು ತಡವರಿಸಿದಾಗ ಉಸಿರು ಎಳೆದುಕೊಳ್ಳುವಷ್ಟೂ ಬಿಡದೆ ‘ಕುಂದ್ರು’ ಎಂದು ಮುಂದಿನವರಿಗೆ ಹೋಗಿದ್ದೆ. ಅವಮಾನ ಆಗಬಾರದು ಎಂಬ ಕಾಳಜಿ ಅದು ಎಂದೇ ನಂಬಿದ್ದೆ. ಅವಳಿಗೆ ಕೇಳಿಸಿದ್ದು ‘ನಿನ್ನಿಂದ ಆಗದು’ ಎಂದು. ಒಂದೇ ಕೆಲಸಕ್ಕೆ ಕೊಟ್ಟವನ ಅರ್ಥ ಒಂದು, ತೆಗೆದುಕೊಂಡವಳ ಅರ್ಥ ಇನ್ನೊಂದು.

ಬಿ.ಎಡ್.ನಲ್ಲಿ ಇದನ್ನೆಲ್ಲ ಓದಿಯೇ ಬಂದವರು ನಾವು. ರೋಸೆಂತಾಲ್ ಮತ್ತು ಜೇಕಬ್ಸನ್ ಅಮೆರಿಕದ ಒಂದು ಪ್ರಾಥಮಿಕ ಶಾಲೆಯಲ್ಲಿ, ಚೀಟಿ ಎತ್ತಿದ ಹಾಗೆ ಆರಿಸಿದ ಐದರಲ್ಲೊಂದು ಪಾಲು ಮಕ್ಕಳನ್ನು ‘ಇವರು ಈ ವರ್ಷ ಅರಳುತ್ತಾರೆ’ ಎಂದು ಮೇಷ್ಟ್ರುಗಳಿಗೆ ತಿಳಿಸಿದರು, ವರ್ಷದ ಕೊನೆಗೆ ಆ ಮಕ್ಕಳ ಬುದ್ಧಿಮತ್ತೆಯ ಅಂಕ ಹೆಚ್ಚು ಏರಿತ್ತು ಎಂದು 1968ರಲ್ಲಿ ಬರೆದರು. ನಮಗೆ ಅದು ಬಿ.ಎಡ್. ಪರೀಕ್ಷೆಗೆ ಐದು ಅಂಕದ ಟಿಪ್ಪಣಿ. ಏರಿಕೆ ಎದ್ದು ಕಂಡದ್ದು ಒಂದನೇ ಮತ್ತು ಎರಡನೇ ತರಗತಿಗಳಲ್ಲಿ ಮಾತ್ರ, ಆ ಬುದ್ಧಿಮತ್ತೆಯ ಪರೀಕ್ಷೆಯನ್ನೇ ತಜ್ಞರು ಆಗಲೇ ತರಾಟೆಗೆ ತೆಗೆದುಕೊಂಡಿದ್ದರು ಎಂಬುದನ್ನು ಯಾರೂ ಬರೆಸಲಿಲ್ಲ. ಆಮೇಲೆ 1984ರಲ್ಲಿ ಸ್ಟೀಫನ್ ರಾಡೆನ್‌ಬುಷ್ ಅಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಮೇಷ್ಟ್ರಿಗೆ ಆ ಮಕ್ಕಳು ಎರಡು ವಾರಕ್ಕಿಂತ ಹೆಚ್ಚು ಪರಿಚಯವಿದ್ದರೆ ಹೊರಗಿನವರ ಮಾತು ಬಹುತೇಕ ನಾಟುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಈ ಸಂಗತಿ. ಮುಖ್ಯೋಪಾಧ್ಯಾಯರು ಬಂದು ‘ಈ ಹುಡುಗಿ ಜಾಣಿ, ನಂಬಿ’ ಎಂದಿದ್ದರೆ ನಾನು ತಲೆಯಾಡಿಸಿ ಮರೆಯುತ್ತಿದ್ದೆ. ಅಭಿಪ್ರಾಯ ಗಟ್ಟಿಯಾಗಿದ್ದು ಜೂನ್ ತಿಂಗಳ ಮೊದಲ ಹದಿನೈದು ದಿನದಲ್ಲಿ, ಅದೂ ಅಣ್ಣನ ನೆನಪಿನ ಮೇಲೆ. ಇನ್ನು ಮನಸ್ಸು ಬದಲಾಯಿಸಿಕೊಳ್ಳುತ್ತೇನೆ ಎಂದು ಕೂತರೆ ಆಗದು, ಕೈಗೆ ಬೇರೆ ರೂಢಿ ಮಾಡಿಸಬೇಕು ಅನ್ನಿಸಿತು.

ಎಸ್‌ಎಸ್‌ಎಲ್‌ಸಿಗೆ ಸುಮಾರು ಹತ್ತು ವಾರ ಉಳಿದಿತ್ತು. ಮೊದಲು ತಿದ್ದುವ ಕ್ರಮ ಬದಲಾಯಿಸಿದೆ. ಉತ್ತರ ಪತ್ರಿಕೆಯ ಮೊದಲ ಪುಟವನ್ನು ಹಿಂದಕ್ಕೆ ಮಡಚಿ ಪಿನ್ ಹೊಡೆಯುವುದು. ಒಂದು ಪತ್ರಿಕೆಯನ್ನು ಪೂರ್ತಿ ತಿದ್ದಿ ಇನ್ನೊಂದಕ್ಕೆ ಹೋಗುವ ಬದಲು, 42 ಪತ್ರಿಕೆಗಳ ಒಂದೇ ಪ್ರಶ್ನೆಯನ್ನು ತಿದ್ದಿ ಮುಗಿಸಿ, ಕಟ್ಟನ್ನು ಕಲಸಿ, ಮುಂದಿನ ಪ್ರಶ್ನೆಗೆ ಹೋಗುವುದು. ಮೊದಲ ಹತ್ತನ್ನು ಕೊನೆಗೆ ಮತ್ತೊಮ್ಮೆ ನೋಡುವುದು. ಇದರ ಮಿತಿ ಬೇಗ ಕಂಡಿತು: ದಿನಾ ನೋಡಿದ ಅಕ್ಷರ ಗುರುತು ಸಿಕ್ಕೇ ಸಿಗುತ್ತದೆ. ಆದರೂ ಒಂದೇ ಪ್ರಶ್ನೆಗೆ ಸಾಲಾಗಿ 42 ಉತ್ತರ ಓದುವಾಗ ಯಾರದು ಎನ್ನುವುದಕ್ಕಿಂತ ಯಾವ ಸಾಲು ಬಿಟ್ಟಿದೆ ಎನ್ನುವುದೇ ಮುಂದೆ ಬರುತ್ತದೆ. ಹೊತ್ತು ಸ್ವಲ್ಪ ಹೆಚ್ಚು ಬೇಕು, ಬಹಳವೇನಿಲ್ಲ.

ಎರಡನೆಯದು ಚೀಟಿ. ಸೀಮೆಸುಣ್ಣದ ಖಾಲಿ ಡಬ್ಬಿಯಲ್ಲಿ 1ರಿಂದ 42ರವರೆಗೆ ನಂಬರು ಹಾಕಿ, ಪ್ರಶ್ನೆ ಮೊದಲು ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಚೀಟಿ ಎತ್ತುವುದು. ಮೊದಲ ವಾರ ಹಾಳಾಯಿತು. ವರ್ಷಾನುಗಟ್ಟಲೆ ಯಾರೂ ಕೇಳದ ಮಕ್ಕಳನ್ನು ಒಮ್ಮೆಲೇ ನಿಲ್ಲಿಸಿದರೆ ಕಾಲು ನಡುಗುತ್ತವೆ, ಇಬ್ಬರು ಶಾಲೆಗೇ ಬರಲಿಲ್ಲ. ಆಮೇಲೆ ಒಂದು ರಿಯಾಯಿತಿ ಮಾಡಿದೆ: ‘ಆಮ್ಯಾಗ ಹೇಳ್ತೀನಿ ಸರ್’ ಅನ್ನಬಹುದು, ಆದರೆ ಇನ್ನಿಬ್ಬರು ಹೇಳಿದ ಮೇಲೆ ನಾನು ತಿರುಗಿ ಬರುತ್ತೇನೆ. ತಿರುಗಿ ಬರುವುದನ್ನು ಮರೆಯಬಾರದು, ಮರೆತರೆ ಅದು ಹಳೆಯ ‘ಕುಂದ್ರು’ ಆಗಿಬಿಡುತ್ತದೆ. ಒಂಬತ್ತನೇ ನಂಬರಿಗೆ ಇದು ಹಿಡಿಸಲಿಲ್ಲ, ಅವನ ತಂದೆ ಬಂದು ಹುಡುಗನ ಕಡೆ ಲಕ್ಷ್ಯ ಕಡಿಮೆಯಾಗಿದೆ ಎಂದರು. ಆಗಿತ್ತು, ನಿಜ.

ಮೂರನೆಯದರಲ್ಲಿ ಎಡವಿದೆ. ಪಾಪಪ್ರಜ್ಞೆಗೆ ಆ ಹುಡುಗಿ ಏನು ಬರೆದರೂ ‘ಶಭಾಷ್, ಭಾಳ ಚಲೋ’ ಅನ್ನತೊಡಗಿದೆ. ಮಗ್ಗಿ ಹೇಳಿದರೂ ಶಭಾಷ್. ಹತ್ತನೇ ತರಗತಿಯ ಮಕ್ಕಳು ದಡ್ಡರಲ್ಲ. ಸುಲಭದ ಕೆಲಸಕ್ಕೆ ಹೊಗಳಿದರೆ ಇವಳಿಗೆ ಇಷ್ಟೇ ದೊಡ್ಡದು ಎಂದು ಮೇಷ್ಟ್ರು ಎಣಿಸಿದ್ದಾರೆ ಎಂದೇ ಅವರು ಓದಿಕೊಳ್ಳುತ್ತಾರೆ. ಅವಳು ಇನ್ನಷ್ಟು ಮುದುಡಿದಳು. ಹೊಗಳಿಕೆ ನಿಲ್ಲಿಸಿ, −10ನ್ನು ಬಿಟ್ಟದ್ದಕ್ಕೆ ಅರ್ಧ ಅಂಕ ಕಳೆದು, ‘ಕಾರಣ ಬರಿ, ಪೂರ್ತಿ ಸಿಗತೈತಿ’ ಎಂದು ಬರೆದಾಗ ಮುಂದಿನ ಪತ್ರಿಕೆಯಲ್ಲಿ ಆ ಸಾಲು ಬಂತು: ‘ಅಗಲ ಋಣ ಆಗುವುದಿಲ್ಲ’.

ಪ್ಯಾಕೇಜನ್ನು ನಾನು ಬಿಡಲಿಲ್ಲ. ಆ ಹೊತ್ತಿನಲ್ಲಿ ಬಿಡುವ ಧೈರ್ಯ ಇರಲಿಲ್ಲ, ಬಿಡುವುದು ಸರಿಯೂ ಅಲ್ಲ. ಸಂಜೆಯ ತರಗತಿಯ ಹನ್ನೊಂದು ಮಕ್ಕಳಿಗೆ ಅದರ ಜೊತೆಗೆ ದಿನಕ್ಕೊಂದು ಹೇಳಿಕೆ ಲೆಕ್ಕ ಸೇರಿಸಿದೆ. ವಾಕ್ಯವನ್ನು ಮೊದಲು ಅವರವರ ಮನೆಮಾತಿನಲ್ಲಿ ಹೇಳಿಕೊಳ್ಳಲಿ, ಚಿತ್ರ ಬರೆಯಲಿ, ಆಮೇಲೆ x. ಲಂಬಾಣಿಯಲ್ಲಿ ಅವರು ಹೇಳಿದ್ದು ನನಗೆ ತಿಳಿಯುತ್ತಿರಲಿಲ್ಲ, ಚಿತ್ರ ತಿಳಿಯುತ್ತಿತ್ತು. ಆ ಸಂಜೆಗಳಲ್ಲೇ ಗೊತ್ತಾಯಿತು, ಅವಳ ತಂದೆ ತಾಯಿ ನವೆಂಬರಿನಲ್ಲೇ ಗುಳೆ ಹೋಗಿದ್ದರು. ಪರೀಕ್ಷೆಗಾಗಿ ಅವಳು ಅಜ್ಜಿಯ ಹತ್ತಿರ ಉಳಿದಿದ್ದಳು, ಉಳಿಯಲು ಮನೆಯಲ್ಲಿ ಹಟ ಹಿಡಿದಿದ್ದಳಂತೆ. ನಾನು ಕೇಳಿಯೇ ಇರಲಿಲ್ಲ. ಡಿಸೆಂಬರಿನಲ್ಲಿ ಅವಳು ತರಗತಿಯಲ್ಲಿ ಕೂತದ್ದು ನೋಡಿ, ಈ ವರ್ಷ ಅವರ ಮನೆಯವರು ಹೋಗಿಲ್ಲವೇನೋ ಅಂದುಕೊಂಡಿದ್ದೆ. ಹುಡುಗಿ ಓದಲೆಂದು ಉಳಿದಿರಬಹುದು ಅನ್ನುವುದು ಊಹೆಗೂ ಬರಲಿಲ್ಲ.

ಎಸ್‌ಎಸ್‌ಎಲ್‌ಸಿಯಲ್ಲಿ ಅವಳಿಗೆ ಗಣಿತದಲ್ಲಿ 80ಕ್ಕೆ 43 ಬಂತು. ಪ್ಯಾಕೇಜಿನ ಸರಕಿನಿಂದಷ್ಟೇ ಬರುವ ಅಂಕವಲ್ಲ ಅದು. ಆದರೆ ಇದರಲ್ಲಿ ಚೀಟಿಯದೆಷ್ಟು, ಮಡಚಿದ ಪುಟದ್ದೆಷ್ಟು, ಅವಳ ಹಟದ್ದೆಷ್ಟು ಎಂದು ಬಿಡಿಸಿ ಹೇಳಲು ಒಂದು ಮಗುವಿನ ಪ್ರಕರಣದಿಂದ ಆಗದು. ಅದೇ ಹನ್ನೊಂದರಲ್ಲಿ ಇಬ್ಬರು ಫೇಲಾದರು. ಅವರಿಗೂ ನಾನು ಅದನ್ನೇ ಮಾಡಿದ್ದೆ. ಒಬ್ಬನಿಗೆ ಭಾಗಾಕಾರವೇ ಗಟ್ಟಿಯಿರಲಿಲ್ಲ, ಹತ್ತು ವಾರದಲ್ಲಿ ನನ್ನ ನಿರೀಕ್ಷೆ ಎಷ್ಟು ಏರಿದರೂ ಭಾಗಾಕಾರ ತಾನಾಗಿ ಬರುವುದಿಲ್ಲ. ಒಂಬತ್ತನೇ ನಂಬರಿಗೆ 71 ಬಂತು. −10ನ್ನು ಕಾರಣ ಹೇಳದೆ ಬಿಡುವ ಚಾಳಿ ಅಲ್ಲಿಗೂ ಹೋಗಿ ಅಂಕ ಕಳೆಯಿತೋ ಏನೋ, ಹೋಗಿದ್ದರೆ ಅದು ನಾನು ದಾನ ಮಾಡಿದ ಅರ್ಧ ಅಂಕದ ಬಡ್ಡಿ.

ಈ ಜೂನ್ ತಿಂಗಳಲ್ಲಿ ಅವಳ ತಮ್ಮ ಎಂಟನೇ ತರಗತಿಗೆ ಬಂದ. ಹಾಜರಿ ಕೂಗುವಾಗ ಮನೆತನದ ಹೆಸರು ಕೇಳಿ ತಲೆಯೆತ್ತಿದೆ, ಅದೇ ಹುಬ್ಬು. ‘ನಿಮ್ಮ ಅಕ್ಕ ನಮ್ಮ ಸಾಲಿ ಜಾಣಿ. ನೀನೂ ಜಾಣ ಇರ್ತಿ ಬಿಡು,’ ಅಂದುಬಿಟ್ಟೆ. ಹುಡುಗ ಹಲ್ಲು ಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಅಕ್ಕನ ಹಾಗೆಯೇ ನೆಲ ನೋಡಿದ. ಸೇತುಬಂಧದ ಪತ್ರಿಕೆ ತಿದ್ದುವಾಗ ಅವನು 3/4ಕ್ಕೆ 1/2 ಕೂಡಿಸಿ 4/6 ಎಂದು ಬರೆದದ್ದು ಕಂಡು, ‘ಅವಸರದಾಗ ತಪ್ಯಾನ’ ಅಂದುಕೊಂಡು ಅರ್ಧ ಅಂಕ ಹಾಕಲು ಪೆನ್ನು ಇಳಿಸಿದೆ. ಆಮೇಲೆ ನೋಡಿದರೆ ಆ ಪತ್ರಿಕೆಯ ಮೊದಲ ಪುಟ ಮಡಚಿರಲಿಲ್ಲ.